ಚಿಟ್ಟೆಯ ಹೆಸರಿಗಿಂತ ಮೊದಲು ಗಿಡದ ಹೆಸರು

ಕೈತೋಟದಲ್ಲಿ ಕಂಡ ಚಿಟ್ಟೆಯನ್ನು ಮೊಬೈಲಿನಲ್ಲಿ ಸೆರೆಹಿಡಿದು "ಇದರ ಹೆಸರೇನು?" ಎಂದು ಕೇಳುವ ಅಭ್ಯಾಸ ಈಗ ನಮ್ಮಲ್ಲಿ ಅನೇಕರಿಗೆ ಇದೆ. ಅಭ್ಯಾಸವೇನೋ ಒಳ್ಳೆಯದೇ. ಆದರೆ ಚಿತ್ರದಲ್ಲಿ ರೆಕ್ಕೆಯ ಬಣ್ಣ ತುಂಬಿಕೊಂಡು, ಗಿಡ ಅಂಚಿನಾಚೆ ಉಳಿದುಬಿಡುತ್ತದೆ. ಹೆಸರನ್ನು ನಿರ್ಣಯಿಸುವಲ್ಲಿ ಬಣ್ಣಕ್ಕಿಂತ ಗಿಡವೇ ಹೆಚ್ಚು ನಂಬಿಕೆಯ ಸಾಕ್ಷಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಔರಾದದ ಸುತ್ತಲೂ ಕಾಣುವ ಒಂದು ಉದಾಹರಣೆಯಿಂದ ಇದನ್ನು ವಿವರಿಸುತ್ತೇನೆ.

ಚೆಂಡುಹೂವಿನ ಮೇಲೆ ಒಂದು ಕಿತ್ತಳೆ ಬಣ್ಣದ ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತಿದೆ ಎನ್ನೋಣ. ಮುಂದಿನ ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನಲ್ಲಿ ಬಿಳಿಯ ಪಟ್ಟಿ. ನೋಡಿದವರು ಕೂಡಲೇ 'ಪ್ಲೇನ್ ಟೈಗರ್' ಎಂದುಬಿಡುತ್ತಾರೆ. ಆದರೆ ಇದೇ ವೇಷದ ಇನ್ನೊಂದು ಚಿಟ್ಟೆ ಉಂಟು: 'ಡನೈಡ್ ಎಗ್‌ಫ್ಲೈ' ಜಾತಿಯ ಹೆಣ್ಣು. ಅದರ ಗಂಡು ಹೀಗಿಲ್ಲ. ಕಪ್ಪು ರೆಕ್ಕೆಯ ಮೇಲೆ ದೊಡ್ಡ ಬಿಳಿ ಮಚ್ಚೆಗಳು, ಅವುಗಳ ಅಂಚಿಗೆ ನೇರಳೆ ಹೊಳಪು.

ಅವೆರಡನ್ನೂ ಬೇರ್ಪಡಿಸಲು ಹಿಂದಿನ ರೆಕ್ಕೆಯನ್ನು ನೋಡಬೇಕು. ಪ್ಲೇನ್ ಟೈಗರಿನ ಹಿಂದಿನ ರೆಕ್ಕೆಯ ನಡುವೆ ಹೆಣ್ಣಿಗೆ ಮೂರು, ಗಂಡಿಗೆ ನಾಲ್ಕು ಕಪ್ಪು ಚುಕ್ಕೆಗಳಿರುತ್ತವೆ. ಎಗ್‌ಫ್ಲೈ ಹೆಣ್ಣಿಗೆ ನಡುವೆ ಚುಕ್ಕೆಯಿಲ್ಲ. ಆ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದೇ ಒಂದು ಇರುತ್ತದೆ. ಚಿತ್ರದಲ್ಲಿ ಹಿಂದಿನ ರೆಕ್ಕೆ ಮರೆಯಾಗಿದ್ದರೆ ನಿರ್ಣಯ ಕೊಡದಿರುವುದೇ ಲೇಸು. ಚೆಂಡುಹೂವೂ ಇಲ್ಲಿ ಸಹಾಯಕ್ಕೆ ಬಾರದು; ಮಕರಂದಕ್ಕಾಗಿ ಎರಡೂ ಒಂದೇ ಹೂವಿಗೆ ಬರಬಹುದು. ಚಿಟ್ಟೆ ಕುಡಿಯುವ ಹೂವು ಬೇರೆ, ಅದರ ಹುಳು ತಿನ್ನುವ ಎಲೆ ಬೇರೆ.

ಹುಳುವಿನ ವಿಷಯದಲ್ಲಿ ಮಾತ್ರ ಗಿಡ ಸ್ಪಷ್ಟವಾಗಿ ಸಾಕ್ಷಿ ನುಡಿಯುತ್ತದೆ. ಶನಿವಾರ ಹನುಮಪ್ಪನಿಗೆ ಹಾರ ಕಟ್ಟಲು ಎಕ್ಕೆಯ ಎಲೆ ಕೀಳುವವರು, ಎಲೆಯ ಮೇಲೆ ಕಪ್ಪು, ಬಿಳಿ, ಹಳದಿ ಬಳೆಗಳನ್ನು ತೊಟ್ಟಂತಿರುವ ನುಣುಪಾದ ಹುಳುವನ್ನು ಕಂಡಿರಬಹುದು. ಅದೇ ಪ್ಲೇನ್ ಟೈಗರಿನ ಮರಿ. ಅದರ ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆಗಳಿರುತ್ತವೆ: ತಲೆಯ ಹಿಂದೆ ಒಂದು, ನಡುವಿನಲ್ಲಿ ಒಂದು, ಬಾಲದ ಬಳಿ ಒಂದು. ಕಣಗಿಲೆಯ ಮೇಲೆ ನಾಲ್ಕು ಜೊತೆ ಎಳೆಗಳ ಹುಳು ಸಿಕ್ಕರೆ ಅದು 'ಕಾಮನ್ ಕ್ರೋ' ಎಂಬ ಕಂದು ಚಿಟ್ಟೆಯದು. ಎಗ್‌ಫ್ಲೈಯ ಹುಳುವಿನ ರೂಪವೇ ಬೇರೆ. ಮೈ ಕಪ್ಪು, ಮೈತುಂಬ ಕವಲೊಡೆದ ಮುಳ್ಳು, ತಲೆಯ ಮೇಲೆ ಎರಡು ಕೊಂಬು. ಅದು ಹೆಚ್ಚಾಗಿ ತಿನ್ನುವುದು ಗೋಣಿಸೊಪ್ಪನ್ನು, ಎಂದರೆ ನಮ್ಮ ಕಡೆಯ ಮರಾಠಿ ಮನೆಗಳಲ್ಲಿ 'ಘೋಳ' ಎನ್ನುವ, ನೆಲಕ್ಕೆ ಹಬ್ಬುವ ಆ ದಪ್ಪ ಎಲೆಯ ಸೊಪ್ಪನ್ನು.

ಈ ವೇಷದ ಗುಟ್ಟೂ ಗಿಡದಲ್ಲೇ ಅಡಗಿದೆ. ಎಕ್ಕೆಯ ಹಾಲಿನಲ್ಲಿ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಅದನ್ನುಂಡು ಬೆಳೆದ ಪ್ಲೇನ್ ಟೈಗರ್ ಹಕ್ಕಿಗೆ ಒಗ್ಗದು. ಒಮ್ಮೆ ತಿಂದು ಕಕ್ಕಿದ ಹಕ್ಕಿ ಆ ಕಿತ್ತಳೆ ಬಣ್ಣವನ್ನೇ ದೂರವಿಡುತ್ತದೆ. ಗೋಣಿಸೊಪ್ಪಿನಲ್ಲಿ ಅಂಥ ವಿಷವಿಲ್ಲ. ಆದುದರಿಂದ ಎಗ್‌ಫ್ಲೈ ಹೆಣ್ಣು ಕೇವಲ ವೇಷದ ಬಲದಿಂದ ಪ್ರಾಣ ಉಳಿಸಿಕೊಳ್ಳುತ್ತದೆ. ಇಂಥ ಅನುಕರಣೆಯನ್ನು ಹೆನ್ರಿ ವಾಲ್ಟರ್ ಬೇಟ್ಸ್ 1862ರಲ್ಲಿ ಅಮೆಜಾನಿನ ಚಿಟ್ಟೆಗಳನ್ನು ಕುರಿತು ಬರೆದು ವಿವರಿಸಿದನು.

ಒಂದು ಎಚ್ಚರಿಕೆ ಅಗತ್ಯ. ಬಲಿತ ಹುಳು ಕೋಶ ಕಟ್ಟುವ ಮುನ್ನ ತಾನುಂಡ ಗಿಡವನ್ನು ಬಿಟ್ಟು ಬೇಲಿಗೋ ಗೋಡೆಗೋ ಸರಿಯುವುದುಂಟು. ಆದ್ದರಿಂದ ಹುಳು ಕುಳಿತ ಗಿಡವೇ ಅದರ ಆಹಾರ ಎನ್ನಲಾಗದು. ಕಡಿದ ಎಲೆ, ಕೆಳಗೆ ಬಿದ್ದ ಹಸಿ ಹಿಕ್ಕೆ, ಇವೆರಡೂ ಕಂಡರೆ ಮಾತ್ರ ನಂಬಬಹುದು. ಹೀಗಾಗಿ ಒಂದು ಚಿತ್ರ ಸಾಲದು. ಹುಳುವಿನ ಪಕ್ಕದ ನೋಟ, ಕಡಿದ ಎಲೆ, ಇಡೀ ಗಿಡ, ಹೀಗೆ ಮೂರಾದರೂ ಬೇಕು.

ನನ್ನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೆ ಹೊಲದ ಬದುವಿನಲ್ಲಿರುವ ಸೊಪ್ಪು, ಕಳೆ, ಕಂಟಿಗಳ ಹೆಸರೆಲ್ಲ ನಮ್ಮವ್ವನ ಬಾಯಲ್ಲಿವೆ. ಪುಸ್ತಕ ಓದಿದ ನಾವು ಚಿಟ್ಟೆಯ ಇಂಗ್ಲಿಷ್ ಹೆಸರನ್ನು ಬಲ್ಲೆವು. ಅಕ್ಷರ ಕಲಿಯದ ಹಿರಿಯರು ಗಿಡವನ್ನು ಬಲ್ಲರು. ಎರಡೂ ಕೂಡಿದರೆ ಮಾತ್ರ ಗುರುತು ಪೂರ್ಣವಾದೀತು. ಅದೇ ಕಾರಣಕ್ಕೆ ಇನ್ನೊಂದು ಮಾತು. ಸ್ವಚ್ಛತೆಯ ಹೆಸರಿನಲ್ಲಿ ತೋಟದ ಎಕ್ಕೆ ಕಡಿದು, ಗೋಣಿಸೊಪ್ಪು ಕಿತ್ತು, ಚೆಂಡುಹೂವೊಂದನ್ನೇ ಬೆಳೆಸಿದರೆ ಚಿಟ್ಟೆ ಮಕರಂದಕ್ಕೆ ಬಂದೀತು, ಮೊಟ್ಟೆಯಿಡಲು ಎಲೆ ಕಾಣದೆ ಮುಂದೆ ಹೋದೀತು. ತೋಟದ ಒಂದು ಮೂಲೆಯನ್ನಾದರೂ ಈ ಎರಡು 'ಕಳೆ'ಗಳಿಗೆ ಬಿಟ್ಟುಕೊಡಬೇಕೆಂದು ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ವಿನಂತಿಸುತ್ತೇನೆ.