ನಮಸ್ಕಾರದ ಮುಂದಿನ ಮಾತು

ಐನ್ಯಾಚುರಲಿಸ್ಟ್ ಎಂಬ ಆ್ಯಪ್‌ನಲ್ಲಿ ಹವ್ಯಾಸಿಗಳು ತಾವು ಕಂಡ ಜೀವಿಗಳ ಚಿತ್ರಗಳನ್ನಿಡುತ್ತಾರೆ. ಬಲ್ಲವರು ಹೆಸರು ಸೂಚಿಸುತ್ತಾರೆ. ಮೈಸೂರಿನ ಗೃಹಿಣಿಯೊಬ್ಬರು ಹಿತ್ತಿಲಿನ ಚಿಟ್ಟೆಯೊಂದನ್ನು ‘ಕಾಮನ್ ರೋಸ್’ ಎಂದು ದಾಖಲಿಸಿದರು. ಅಪರಿಚಿತ ಹಿರಿಯರೊಬ್ಬರು ಅದನ್ನು ‘ಕಾಮನ್ ಮಾರ್ಮನ್’ ಎಂದು ತಿದ್ದಿದರು.

ಆಕೆ ಮೊದಲು ಬರೆದದ್ದು ‘ನಮಸ್ಕಾರ’ ಎಂಬ ಒಂದೇ ಮಾತು. ಅದಕ್ಕೆ ಆ ಹಿರಿಯರಾದರೂ ಏನೆಂದು ಉತ್ತರಿಸಿಯಾರು? ಊರು, ಉದ್ಯೋಗ ವಿಚಾರಿಸೋಣವೆಂದರೆ ಅದು ಅಧಿಕಪ್ರಸಂಗ. ಅಳಿಸಿ, ಚಿತ್ರದ ಕೆಳಗೆ ಮತ್ತೆ ಬರೆದರು:

“ನಮಸ್ಕಾರ. ತಿದ್ದಿದ್ದಕ್ಕೆ ವಂದನೆಗಳು. ರೋಸಿನ ಒಡಲು ಕೆಂಪು, ಇದರದು ಕಪ್ಪು. ತಾವು ಗುರುತಿಸಿದ್ದು ಅದರಿಂದಲೇ? ಇದು ನಮ್ಮ ಕರಿಬೇವಿನ ಚಿಗುರಿನ ಮೇಲೆ ಮೊಟ್ಟೆಯಿಡುತ್ತಿತ್ತು. ಆ ಚಿತ್ರವೂ ಇದೆ, ಬೇಕಾದರೆ ಸೇರಿಸುವೆ.”

ಸಂಜೆಯೊಳಗೆ ಉತ್ತರ ಬಂದಿತು. ಒಡಲಿನ ಬಣ್ಣವೇ ಗುರುತು. ಕರಿಬೇವಿನ ಸಂಗತಿಯಂತೂ ಸಂಶಯಕ್ಕೆ ಎಡೆಯನ್ನೇ ಉಳಿಸದು. ರೋಸಿನ ಹುಳುಗಳು ಈಶ್ವರಬಳ್ಳಿಯ ಜಾತಿಯ ಗಿಡಗಳ ಎಲೆ ತಿಂದು ವಿಷಯುಕ್ತವಾಗುತ್ತವೆ. ಅದರಿಂದ ಹಕ್ಕಿಗಳು ಆ ಚಿಟ್ಟೆಯನ್ನು ಮುಟ್ಟಲಂಜುತ್ತವೆ. ವಿಷವಿಲ್ಲದ ಮಾರ್ಮನ್ ಹೆಣ್ಣು ಅದರ ವೇಷ ತೊಟ್ಟು ಜೀವ ಉಳಿಸಿಕೊಳ್ಳುತ್ತದೆ. ಎಲ್ಲ ಹೆಣ್ಣುಗಳಿಗೂ ಈ ವೇಷವಿಲ್ಲ. ಕೆಲವು ಗಂಡಿನಂತೆಯೇ ಇರುತ್ತವೆ.

ಕೊನೆಯಲ್ಲಿ ಹಿರಿಯರದೊಂದು ವಿನಂತಿ: “ಎಳೆಯ ಹುಳು ಹಕ್ಕಿಯ ಹಿಕ್ಕೆಯಂತೆ ಕಾಣುವುದು. ದಯವಿಟ್ಟು ಒರೆಸಿಹಾಕಬೇಡಿ.”

ಆಕೆಗೆ ಎದೆ ಧಸಕ್ಕೆಂದಿತು. ಅಂಥದನ್ನು ಎಷ್ಟು ವರ್ಷ ಒರೆಸಿದ್ದರೋ! ಮರುದಿನ ಒಗ್ಗರಣೆಗೆ ಕರಿಬೇವು ಅಂಗಡಿಯಿಂದ ಬಂದಿತು.