ಕಂಪ್ಯೂಟರ್ ಮೇಷ್ಟ್ರ ಪತ್ರದಲ್ಲಿ ಏನಿದೆ?

ಮೊದಲ ಅವಧಿ ಮುಗಿದು ಅಂಕಪಟ್ಟಿ ಮನೆಗೆ ಬರುವಾಗ ಅದರ ಜೊತೆ ಕಂಪ್ಯೂಟರ್ ಶಿಕ್ಷಕರ ಒಂದು ಪತ್ರವೂ ಬರುವುದುಂಟು. ‘ಈ ಅವಧಿಯಲ್ಲಿ ಪೈಥಾನ್ ಭಾಷೆಯಲ್ಲಿ ವೇರಿಯಬಲ್, ಇನ್‌ಪುಟ್, ಇಫ್-ಎಲ್ಸ್ ಮತ್ತು ಲೂಪ್ ಕಲಿಸಲಾಗಿದೆ. ಮನೆಯಲ್ಲಿ ಅಭ್ಯಾಸ ಮಾಡಿಸಿ’ ಎಂದು ಅದರಲ್ಲಿ ಬರೆದಿರುತ್ತದೆ. ಅಭ್ಯಾಸ ಮಾಡಿಸುವುದು ಹೇಗೆ? ಮಗ್ಗಿಯಾದರೆ ಒಪ್ಪಿಸಿಕೊಳ್ಳಬಹುದು, ಕಾಗುಣಿತವಾದರೆ ತಿದ್ದಬಹುದು. ಇಲ್ಲಿ ಮಗ ಕಂಪ್ಯೂಟರ್ ಮುಂದೆ ಕೂತರೆ ಕಾಣುವುದು ನಾಲ್ಕೈದು ಇಂಗ್ಲಿಷ್ ಸಾಲು, ಆಗಾಗ ಒಂದಿಷ್ಟು ಕೆಂಪು ಅಕ್ಷರ. ಇಷ್ಟು ತಿಂಗಳು ಕಲಿತದ್ದು ಇಷ್ಟೇ ಏನು ಎಂದು ಅಪ್ಪ ಅಮ್ಮನಿಗೆ ಅನ್ನಿಸಿದರೆ ತಪ್ಪಿಲ್ಲ. ಆ ಒಂದು ಸಾಲಿನೊಳಗೆ ಏನು ಅಡಗಿದೆ ಎಂಬುದನ್ನು ಅಂಕಪಟ್ಟಿಯನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಪೈಥಾನ್ ಎಂದರೆ ಇಲ್ಲಿ ಹೆಬ್ಬಾವಲ್ಲ. ನೆದರ್‌ಲೆಂಡ್ಸ್‌ನ ಗೀಡೋ ವಾನ್ ರಾಸಮ್ 1989ರ ಕೊನೆಯಲ್ಲಿ ಈ ಭಾಷೆಯ ಕೆಲಸ ಆರಂಭಿಸಿ 1991ರಲ್ಲಿ ಹೊರತಂದರು. ‘ಮಾಂಟಿ ಪೈಥಾನ್’ ಎಂಬ ಬ್ರಿಟಿಷ್ ಹಾಸ್ಯ ತಂಡದ ಹೆಸರನ್ನು ಅದಕ್ಕೆ ಇಟ್ಟರು. ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಅದರಲ್ಲಿ ಚಿಕ್ಕದಾಗಿ, ಓದಿದರೆ ತಿಳಿಯುವಂತೆ ಬರೆಯಬಹುದು. ಶಾಲೆಗಳು ಅದನ್ನು ಆರಿಸಿಕೊಳ್ಳಲು ಇದೂ ಒಂದು ಕಾರಣ. ಇಂಥ ಆಜ್ಞೆಗಳ ಸರಣಿಯೇ ಪ್ರೋಗ್ರಾಂ.

ಮೊದಲ ವಾರಗಳ ಪಾಠ ಎರಡು ವಿಷಯಗಳ ಅಂಕ ಕೂಡುವುದು ಎಂದಿಟ್ಟುಕೊಳ್ಳಿ. ವಿದ್ಯಾರ್ಥಿ ಹೀಗೆ ಬರೆಯುತ್ತಾನೆ:

```
a = input("Kannada: ")
b = input("Maths: ")
print(a + b)
```

ಇಲ್ಲಿ a ಮತ್ತು b ವೇರಿಯಬಲ್‌ಗಳು, ಅಂದರೆ ಬೆಲೆಯೊಂದಕ್ಕೆ ಅಂಟಿಸಿದ ಹೆಸರಿನ ಚೀಟಿಗಳು. ಕನ್ನಡಕ್ಕೆ 35, ಗಣಿತಕ್ಕೆ 42 ಎಂದು ಕೀಲಿ ಒತ್ತಿದರೆ 77 ಬರಬೇಕು. ಬರುವುದು 3542! ಪ್ರತಿ ತರಗತಿಯಲ್ಲೂ ಈ ಉತ್ತರಕ್ಕೆ ನಗು ಏಳುತ್ತದೆ. ಆದರೆ ಕಂಪ್ಯೂಟರ್ ತಪ್ಪು ಮಾಡಿಲ್ಲ. ಕೀಲಿಮಣೆಯಿಂದ ಬಂದದ್ದೆಲ್ಲವನ್ನೂ ಪೈಥಾನ್ ಅಕ್ಷರಗಳ ಸಾಲು ಎಂದೇ ತಿಳಿಯುತ್ತದೆ. ಅಕ್ಷರದ ಸಾಲುಗಳ ನಡುವೆ + ಹಾಕಿದರೆ ಒಂದರ ಪಕ್ಕ ಒಂದನ್ನು ಜೋಡಿಸುತ್ತದೆ. ನಮಗೂ ಈ ಭೇದ ಹೊಸದಲ್ಲ. 560001 ಎಂಬ ಪಿನ್‌ಕೋಡ್ ನೋಡಲು ಸಂಖ್ಯೆಯಂತಿದ್ದರೂ ಎರಡು ಪಿನ್‌ಕೋಡ್‌ಗಳನ್ನು ಯಾರೂ ಕೂಡುವುದಿಲ್ಲ. ಬರೆದದ್ದು ಲೆಕ್ಕಕ್ಕೋ, ಗುರುತಿಗೋ ಎಂದು ನಾವು ಸಂದರ್ಭದಿಂದ ತಿಳಿಯುತ್ತೇವೆ. ಯಂತ್ರಕ್ಕೆ ಅದನ್ನು ಹೇಳಬೇಕು.

ಹೇಳುವ ಬಗೆ `int(input("Kannada: "))`. ಬಂದ ಅಕ್ಷರಗಳನ್ನು ಪೂರ್ಣಾಂಕವಾಗಿ ಬದಲಿಸು ಎಂದು ಇದರ ಅರ್ಥ. ಕನ್ನಡದ ಮಕ್ಕಳಿಗೆ ಖುಷಿ ಕೊಡುವ ಸಂಗತಿಯೊಂದಿದೆ. 35ರ ಬದಲು ಕನ್ನಡ ಅಂಕಿಯಲ್ಲಿ ೩೫ ಎಂದು ಬರೆದರೂ `int` ಅದನ್ನು ಸರಿಯಾಗಿ ಮೂವತ್ತೈದು ಎಂದೇ ಓದುತ್ತದೆ. ಆದರೆ ಅಕ್ಷರದಲ್ಲಿ ‘ಮೂವತ್ತೈದು’ ಎಂದು ಬರೆದರೆ ಅದಕ್ಕೆ ತಿಳಿಯುವುದಿಲ್ಲ.

ಅವಧಿಯ ಕೊನೆಗೆ ಇದೇ ಲೆಕ್ಕ ಬೆಳೆದು ಐದು ವಿಷಯಗಳ ಸರಾಸರಿಯಾಗುತ್ತದೆ. ಒಂದೇ ಕೆಲಸವನ್ನು ಐದು ಸಲ ಬರೆಯುವ ಬದಲು ಅದನ್ನು ಲೂಪ್‌ನೊಳಗೆ ಇಡುತ್ತಾರೆ:

```
total = 0
for i in range(1, 6):
    m = int(input("Marks: "))
    total = total + m
print(total / 5)
```

ಎರಡನೆಯ ಸಾಲು ‘ಒಂದರಿಂದ ಎಣಿಸುತ್ತ ಹೋಗು, ಆರು ಬರುವ ಮೊದಲೇ ನಿಲ್ಲು’ ಎನ್ನುತ್ತದೆ. ಹಾಗಾಗಿ ಲೂಪ್ ಐದು ಸುತ್ತು ತಿರುಗುತ್ತದೆ. ಮೂರು ಮತ್ತು ನಾಲ್ಕನೆಯ ಸಾಲು ಒಳಕ್ಕೆ ಸರಿದಿರುವುದು ಅಂದಕ್ಕಲ್ಲ. ಒಳಗೆ ಸರಿದ ಸಾಲುಗಳಷ್ಟೇ ಪ್ರತಿ ಸುತ್ತಿನಲ್ಲೂ ನಡೆಯುತ್ತವೆ. ಅಂಚಿಗೆ ಬಂದ ಕೊನೆಯ ಸಾಲು ಎಲ್ಲ ಸುತ್ತು ಮುಗಿದ ಮೇಲೆ ಒಂದೇ ಸಲ ನಡೆಯುತ್ತದೆ.

ಒಬ್ಬ ವಿದ್ಯಾರ್ಥಿನಿಯ ಅಂಕಗಳು 62, 48, 71, 55, 64 ಎಂದುಕೊಳ್ಳಿ. ಮೊತ್ತ 300, ಸರಾಸರಿ 60. ಪ್ರೋಗ್ರಾಂ 60.0 ಎಂದು ತೋರಿಸುತ್ತದೆ. ಪೈಥಾನ್‌ನಲ್ಲಿ / ಚಿಹ್ನೆಯ ಭಾಗಾಕಾರ ಯಾವಾಗಲೂ ದಶಾಂಶ ರೂಪದಲ್ಲೇ ಉತ್ತರ ಕೊಡುವುದರಿಂದ ಆ ಚುಕ್ಕೆ, ಸೊನ್ನೆ ಬಂದಿವೆ.

ಈಗ ತಪ್ಪುಗಳ ಮಾತು. ಮೊದಲ ಅವಧಿಯ ನಿಜವಾದ ಪಾಠ ಇರುವುದು ಇಲ್ಲೇ. 48ರ ಬದಲು 48.5 ಎಂದು ಕೊಟ್ಟರೆ ಪ್ರೋಗ್ರಾಂ ಅಲ್ಲೇ ನಿಂತು ತೆರೆಯ ಮೇಲೆ ಕೆಲವು ಸಾಲು ಮೂಡುತ್ತವೆ. ಶಾಲೆಗಳಲ್ಲಿ ಬಳಸುವ ಐಡಲ್ ಎಂಬ ಪರಿಕರದಲ್ಲಿ ಅವು ಕೆಂಪಾಗಿರುತ್ತವೆ. ಕೊನೆಯ ಸಾಲು ಹೀಗಿರುತ್ತದೆ:

```
ValueError: invalid literal for int() with base 10: '48.5'
```

ಹೊಸ ವಿದ್ಯಾರ್ಥಿ ಇದನ್ನು ಬೈಗುಳ ಎಂದು ತಿಳಿದು ಗಾಬರಿಯಿಂದ ಎಲ್ಲ ಅಳಿಸಿಬಿಡುತ್ತಾನೆ. ಶಿಕ್ಷಕರು ಕಲಿಸುವುದು ಕೆಳಗಿನಿಂದ ಮೇಲಕ್ಕೆ ಓದುವುದನ್ನು. ಕೊನೆಯ ಸಾಲಿನಲ್ಲಿ ಏನಾಯಿತು ಎಂಬುದಿದೆ: 48.5 ಪೂರ್ಣಾಂಕವಲ್ಲ, `int` ಅದನ್ನು ಒಪ್ಪದು. ಅದರ ಮೇಲೆ `line 3` ಎಂದು ಎಲ್ಲಿ ಆಯಿತು ಎಂಬುದೂ ಇರುತ್ತದೆ. ಅರ್ಧ ಅಂಕವನ್ನೂ ಸ್ವೀಕರಿಸಬೇಕಾದರೆ ಆ ಸಾಲಿನಲ್ಲಿ `int` ಬದಲು `float` ಎಂದು ಬರೆದರಾಯಿತು. ಈ ಕೆಂಪು ಅಕ್ಷರವನ್ನು ಓದಿ, ಸಾಲು ಹುಡುಕಿ, ತಾನೇ ತಿದ್ದಬಲ್ಲ ಮಗುವಿಗೆ ಪತ್ರದ ಅರ್ಧ ಪಾಠ ಬಂದಂತೆ.

ಉಳಿದರ್ಧ ಕಷ್ಟದ್ದು. ಕೆಂಪು ಅಕ್ಷರವೇ ಬಾರದೆ ಉತ್ತರ ಮಾತ್ರ ತಪ್ಪಾಗುವ ಸಂದರ್ಭಗಳಿವೆ. ಐದು ಸುತ್ತು ಬೇಕೆಂದು ಬಾಲಕಿ `range(1, 5)` ಎಂದು ಬರೆದಳು ಎನ್ನಿ. ಲೂಪ್ ನಾಲ್ಕೇ ಸುತ್ತು ತಿರುಗುತ್ತದೆ. 62, 48, 71, 55 ಸೇರಿ 236. ಅದನ್ನು ಐದರಿಂದ ಭಾಗಿಸಿ 47.2 ಎಂದು ಯಂತ್ರ ಗಂಭೀರವಾಗಿ ಹೇಳುತ್ತದೆ. ಕೊನೆಯ ವಿಷಯದ 64 ಅಂಕ ಮಾಯ! `total = 0` ಎಂಬ ಸಾಲನ್ನು ಅಂಚಿನಲ್ಲಿಡದೆ ಲೂಪ್‌ನೊಳಗೆ ಮೊದಲ ಸಾಲಾಗಿ ಇಟ್ಟರೆ ಇನ್ನೂ ವಿಚಿತ್ರ. ಪ್ರತಿ ಸುತ್ತಿನಲ್ಲೂ ಮೊತ್ತ ಸೊನ್ನೆಗೆ ಹೋಗಿ, ಕೊನೆಗೆ 64 ಮಾತ್ರ ಉಳಿದು, ಸರಾಸರಿ 12.8 ಆಗುತ್ತದೆ. 12.8 ಕಂಡರೆ ಯಾರಿಗಾದರೂ ಅನುಮಾನ ಬಂದೀತು. 47.2 ಕಂಡರೆ ಬಾರದು, ಏಕೆಂದರೆ ಅದು ನಿಜವೆನ್ನಿಸುವ ಅಂಕ. ಆದ್ದರಿಂದ ಹೆಚ್ಚು ಅಪಾಯದ್ದು ಅದೇ.

ಇಫ್-ಎಲ್ಸ್ ಪಾಠದಲ್ಲೂ ಇಂಥದೊಂದು ಬಲೆ ಇದೆ. 35ಕ್ಕೆ ಪಾಸು, 60ಕ್ಕೆ ಪ್ರಥಮ ದರ್ಜೆ, 85ಕ್ಕೆ ಡಿಸ್ಟಿಂಕ್ಷನ್ ಎಂಬ ನಿಯಮವನ್ನು ಮಕ್ಕಳು ಹೇಳಿಸಿಕೊಂಡ ಕ್ರಮದಲ್ಲೇ ಬರೆಯುತ್ತಾರೆ:

```
if m >= 35:
    print("Pass")
elif m >= 60:
    print("First Class")
elif m >= 85:
    print("Distinction")
```

92 ಅಂಕ ಕೊಟ್ಟು ನೋಡಿ. ‘Pass’ ಎಂದಷ್ಟೇ ಬರುತ್ತದೆ. `elif` ಎಂದರೆ ‘ಮೇಲಿನದು ನಿಜವಲ್ಲದಿದ್ದರೆ ಮಾತ್ರ ಇದನ್ನು ನೋಡು’. 92 ಎಂಬುದು 35ಕ್ಕಿಂತ ದೊಡ್ಡದು ಎಂಬುದು ಮೊದಲೇ ನಿಜವಾದ್ದರಿಂದ ಕೆಳಗಿನ ಎರಡು ಬಾಗಿಲನ್ನು ಯಂತ್ರ ತಟ್ಟುವುದೇ ಇಲ್ಲ. 85, 60, 35 ಎಂದು ಮೇಲಿನಿಂದ ಇಳಿಯುತ್ತ ಬಂದರೆ ಸರಿಯಾಗುತ್ತದೆ. ತೊಂದರೆಯೆಂದರೆ, 40 ಅಂಕ ಕೊಟ್ಟು ಪರೀಕ್ಷಿಸಿದ ವಿದ್ಯಾರ್ಥಿಗೆ ತಪ್ಪಾದ ಪ್ರೋಗ್ರಾಂ ಕೂಡ ಸರಿಯಾದ ಉತ್ತರವನ್ನೇ ಕೊಟ್ಟಿರುತ್ತದೆ. ಹಾಗಾಗಿ ಗಡಿಯ ಮೇಲಿನ ಮತ್ತು ಗಡಿಯ ಕೆಳಗಿನ ಬೆಲೆಗಳನ್ನು, ಅಂದರೆ 34, 35, 59, 60, 84, 85 ಇವನ್ನೇ ಕೊಟ್ಟು ನೋಡಬೇಕೆಂದು ಕಲಿಸಲಾಗುತ್ತದೆ. `>=` ಬದಲು `>` ಎಂದು ಬರೆದ ತಪ್ಪೂ ಗಡಿಯಲ್ಲೇ ಸಿಕ್ಕಿಬೀಳುತ್ತದೆ. ಹಿಂದಿನ ವಿದ್ಯಾರ್ಥಿನಿಯ ಸರಾಸರಿ ಸರಿಯಾಗಿ 60 ಇತ್ತಲ್ಲವೇ? ಆ ಒಂದು = ಚಿಹ್ನೆ ಬಿಟ್ಟುಹೋದರೆ ಆಕೆಯ ಪ್ರಥಮ ದರ್ಜೆ ಹೋಯಿತು.

ಪೋಷಕರು ಮನೆಯಲ್ಲಿ ನೋಡಬಹುದಾದದ್ದೂ ಇದೇ. ಅದಕ್ಕೆ ಪೈಥಾನ್ ಬರಬೇಕಿಲ್ಲ, ಮನೆಯಲ್ಲಿ ಕಂಪ್ಯೂಟರೂ ಬೇಕಿಲ್ಲ. ನೋಟ್‌ಬುಕ್‌ನ ಒಂದು ಲೂಪ್ ಪ್ರೋಗ್ರಾಂ ತೆಗೆಸಿ, ಹಾಳೆಯ ಮೇಲೆ ಮೂರು ಮನೆ ಗೀಚಿಸಿ: ಸುತ್ತು, m, total. ಸಣ್ಣ ಐದು ಸಂಖ್ಯೆ ಹೇಳಿ. ಯಂತ್ರದಂತೆ ಒಂದೊಂದೇ ಸಾಲು ನಡೆದು ಮನೆ ತುಂಬುತ್ತ ಹೋಗಲಿ. ಮೇಲಿನ ಅಂಕಗಳಿಗಾದರೆ total ಮನೆಯಲ್ಲಿ 62, 110, 181, 236, 300 ಎಂದು ಬರಬೇಕು. ಶಿಕ್ಷಕರು ಇದನ್ನು ‘ಡ್ರೈ ರನ್’ ಎನ್ನುತ್ತಾರೆ. ಪ್ರೋಗ್ರಾಮನ್ನು ಬಾಯಿಪಾಠ ಮಾಡಿದ ಮಗು ಅದನ್ನು ತಡೆಯಿಲ್ಲದೆ ಬರೆದೀತು. ಆದರೆ ಈ ಮನೆಗಳನ್ನು ತುಂಬಲು ಎರಡನೆಯ ಸುತ್ತಿಗೇ ತಡವರಿಸುತ್ತದೆ. ಅರ್ಥಮಾಡಿಕೊಂಡ ಮಗು ನಿಧಾನವಾದರೂ 300 ಮುಟ್ಟುತ್ತದೆ.

ಹಳೆಯ ಪುಸ್ತಕ ಕೊಳ್ಳುವವರು ಒಂದನ್ನು ಗಮನಿಸಬೇಕು. ಪೈಥಾನ್‌ನ ಮೂರನೆಯ ಆವೃತ್ತಿ 2008ರಲ್ಲಿ ಬಂತು. ಎರಡನೆಯ ಆವೃತ್ತಿಗೆ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು. ಪುಸ್ತಕದಲ್ಲಿ `print` ಆದ ಮೇಲೆ ಆವರಣ ಚಿಹ್ನೆ ಇಲ್ಲದಿದ್ದರೆ ಅದು ಎರಡನೆಯ ಆವೃತ್ತಿಯದು. ಅದನ್ನು ನೋಡಿ ಬರೆದ ಪ್ರೋಗ್ರಾಂ ಈಗಿನ ಶಾಲೆಯ ಕಂಪ್ಯೂಟರಿನಲ್ಲಿ ಮೊದಲ ಸಾಲಿಗೇ ಮುಗ್ಗರಿಸೀತು.

ಇಷ್ಟೆಲ್ಲ ಕಲಿತ ಮೇಲೂ ಈ ಪ್ರೋಗ್ರಾಂಗೆ ಒಂದು ಮಿತಿ ಉಳಿಯುತ್ತದೆ. ಸರಾಸರಿ ಹೇಳಿದ ಮೇಲೆ ‘ಮೂರನೆಯ ವಿಷಯದಲ್ಲಿ ಎಷ್ಟು ಬಂದಿತ್ತು?’ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಪ್ರತಿ ಸುತ್ತಿನಲ್ಲೂ m ಎಂಬ ಚೀಟಿ ಹಳೆಯ ಅಂಕವನ್ನು ಬಿಟ್ಟು ಹೊಸದಕ್ಕೆ ಅಂಟುತ್ತದೆ. ಕೊನೆಗೆ ಉಳಿದಿರುವುದು 64 ಮಾತ್ರ. ಐದನ್ನೂ ನೆನಪಿಡುವ ಉಪಾಯಕ್ಕೆ ‘ಲಿಸ್ಟ್’ ಎಂದು ಹೆಸರು. ಮುಂದಿನ ಅವಧಿಯ ಪತ್ರದಲ್ಲಿ ಆ ಪದ ಕಂಡರೆ, ಈ ಪ್ರಶ್ನೆಯನ್ನೇ ಮಗುವಿಗೆ ಕೇಳಿ ನೋಡಬಹುದು.