ಲೇಔಟ್‌ಗೆ ಜಮೀನು: 'ಫಿಫ್ಟಿ-ಫಿಫ್ಟಿ' ಅಂದ್ರೆ ಯಾವುದರಲ್ಲಿ ಫಿಫ್ಟಿ?

ಬೈಪಾಸ್ ಹಾದುಹೋದ ತಾಲ್ಲೂಕು ಪಟ್ಟಣಗಳಲ್ಲೆಲ್ಲ ಈಗ ಒಂದೇ ಮಾತು. ರಸ್ತೆ ಪಕ್ಕ ಮೂರ್ನಾಲ್ಕು ಎಕರೆ ಇರೋರು ಜಮೀನನ್ನು ಪೂರ್ತಿ ಮಾರೋದಕ್ಕೆ ತಯಾರಿಲ್ಲ. ಸ್ವಂತ ದುಡ್ಡು ಹಾಕಿ ಲೇಔಟ್ ಮಾಡೋ ಶಕ್ತಿಯೂ ಅವರಿಗಿಲ್ಲ. ಹಾಗಾಗಿ 'ಜಮೀನು ನಮ್ಮದು, ಖರ್ಚು ನಿಮ್ಮದು, ಸೈಟ್ ಇಬ್ಬರಿಗೂ' ಅಂತ ಅವರೇ ಡೆವಲಪರ್ ಹತ್ತಿರ ಪ್ರಸ್ತಾವನೆ ಇಡ್ತಿದ್ದಾರೆ. ಇದಕ್ಕೆ ಜಂಟಿ ಅಭಿವೃದ್ಧಿ ಒಪ್ಪಂದ ಅಂತ ಹೆಸರು. ಜನರ ಬಾಯಲ್ಲಿ ಜೆಡಿಎ, ಇಲ್ಲಾಂದ್ರೆ ಬರೀ 'ಜೆವಿ'.

ಚೌಕಾಸಿ ಎಲ್ಲ ನಡೆಯೋದು ಶೇಕಡಾವಾರು ಮೇಲೆ. 50 ಕೊಡ್ತೀರಾ, 55 ಕೊಡ್ತೀರಾ ಅಂತ. ಆದರೆ ಆಮೇಲೆ ಜಗಳ ಆಗೋದು ಆ ಅಂಕಿಯ ಮೇಲಲ್ಲ. ಯಾವುದರಲ್ಲಿ 50, ಯಾವ ಸೈಟು, ಯಾವಾಗ ಕೈಗೆ ಸಿಗುತ್ತೆ ಅನ್ನೋ ಮೂರು ಪ್ರಶ್ನೆಗಳ ಮೇಲೆ.

ನಾಲ್ಕು ಎಕರೆ ಲೆಕ್ಕ

ಉದಾಹರಣೆಗೆ ಒಬ್ಬರ ಹತ್ತಿರ 4 ಎಕರೆ ಇದೆ ಅಂದುಕೊಳ್ಳೋಣ. ಎಕರೆಗೆ 43,560 ಚದರ ಅಡಿಯಂತೆ ಒಟ್ಟು 1,74,240 ಚದರ ಅಡಿ. ಇದಷ್ಟೂ ಸೈಟ್ ಆಗೋದಿಲ್ಲ. ರಸ್ತೆ, ಪಾರ್ಕು, ಸಿಎ ನಿವೇಶನಕ್ಕೆ ಜಾಗ ಬಿಟ್ಟು, ಅದನ್ನು ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬರೆದುಕೊಡಬೇಕು. ಕೊನೆಗೆ ಮಾರೋದಕ್ಕೆ ಉಳಿಯೋದು ಶೇ 55ರ ಆಸುಪಾಸು ಅಂತ ಹಿಡಿದರೆ ಸುಮಾರು 95,800 ಚದರ ಅಡಿ. ಅಂದರೆ 30x40 ಅಳತೆಯ 79 ಸೈಟು.

ಈಗ ಡೆವಲಪರ್ 'ಎಕರೆಗೆ 11,000 ಅಡಿ ಕೊಡ್ತೀವಿ' ಅಂತಾರೆ ಅಂದುಕೊಳ್ಳಿ. ಕಿವಿಗೆ ದೊಡ್ಡದಾಗಿ ಕೇಳುತ್ತೆ. ನಾಲ್ಕು ಎಕರೆಗೆ 44,000 ಅಡಿ, ಅಂದರೆ ಉಳಿದ ಜಾಗದಲ್ಲಿ ಶೇ 46 ಮಾತ್ರ. ನಿಜವಾದ ಫಿಫ್ಟಿ-ಫಿಫ್ಟಿ ಬೇಕಾದರೆ ಎಕರೆಗೆ ಹತ್ತಿರ ಹತ್ತಿರ 12,000 ಅಡಿ ಬರಬೇಕು. ನಾಲ್ಕು ಎಕರೆಗೆ ವ್ಯತ್ಯಾಸ ಮೂರು ಸೈಟು.

ಇನ್ನೊಂದು ಕಡೆಯಿಂದಲೂ ಪೆಟ್ಟು ಬೀಳಬಹುದು. ಮಹಾಯೋಜನೆಯಲ್ಲಿ ಆ ಜಮೀನಿನ ಮೇಲೆ ಅಗಲದ ರಸ್ತೆ ಗುರುತಾಗಿದ್ದರೆ ಮಾರೋ ಜಾಗ ಶೇ 52ಕ್ಕೆ ಇಳಿಯಬಹುದು. ಆಗ ಶೇಕಡಾ ಲೆಕ್ಕದಲ್ಲಿ ಒಪ್ಪಿದವರ ಪಾಲು ಕಮ್ಮಿಯಾಗುತ್ತೆ. ಅಡಿ ಲೆಕ್ಕದಲ್ಲಿ ಒಪ್ಪಿದ್ದರೆ ಡೆವಲಪರ್ ತಕರಾರು ತೆಗೀತಾರೆ. ಅದಕ್ಕೇ ತಿಳಿದವರು 'ಮಂಜೂರಾದ ನಕ್ಷೆಯಲ್ಲಿ ಮಾರಾಟಕ್ಕೆ ಸಿಗುವ ಜಾಗದಲ್ಲಿ ಶೇ 50, ಆದರೆ ಇಂತಿಷ್ಟು ಚದರ ಅಡಿಗೆ ಕಮ್ಮಿ ಇಲ್ಲದಂತೆ' ಅಂತ ಎರಡನ್ನೂ ಸೇರಿಸಿ ಬರೆಸ್ತಾರೆ.

ಪೇಟೆಯೊಳಗೆ ಹಳೇ ಅಂಗಡಿ ಕೆಡವಿ ಕಾಂಪ್ಲೆಕ್ಸ್ ಕಟ್ಟಿಸೋರಿಗೂ ಇದೇ ಕಥೆ. ಶೇ 40 ಅಂದರೆ ಮಳಿಗೆಯ ಒಳಗಿನ ಕಾರ್ಪೆಟ್ ಜಾಗದಲ್ಲೋ, ಮೆಟ್ಟಿಲು, ಲಿಫ್ಟು, ಪ್ಯಾಸೇಜ್ ಸೇರಿಸಿದ ಸೂಪರ್ ಬಿಲ್ಟಪ್ ಜಾಗದಲ್ಲೋ ಅನ್ನೋದು ಕಾಗದದಲ್ಲಿ ಇರಬೇಕು. ನೆಲಮಹಡಿಯ ಮಳಿಗೆಗೂ ಎರಡನೇ ಮಹಡಿಯ ಮಳಿಗೆಗೂ ಬಾಡಿಗೆ ಒಂದೇ ಅಲ್ಲವಲ್ಲ. ಹಾಗಾಗಿ ಪ್ರತಿ ಮಹಡಿಯಲ್ಲೂ ಅದೇ ಪ್ರಮಾಣದಲ್ಲಿ ಪಾಲು ಅಂತ ಬರೆಸೋದು ಕ್ಷೇಮ.

ಯಾವ ಸೈಟು ಯಾರಿಗೆ?

ಪ್ರಸ್ತಾವನೆ ಇಡುವಾಗ ನಕ್ಷೆಯೇ ಇರೋದಿಲ್ಲ. ಆದ್ದರಿಂದ ಸೈಟ್ ನಂಬರ್ ಬರೆಯೋಕೆ ಆಗಲ್ಲ. ಆದರೆ ಹಂಚುವ ವಿಧಾನ ಬರೆಯಬಹುದು. ಮುಖ್ಯರಸ್ತೆಗೆ ಮುಖ ಮಾಡಿದ ಸೈಟು ಹಾಗೂ ಕಾರ್ನರ್ ಸೈಟುಗಳನ್ನು ಬೇರೆ ಗುಂಪು ಮಾಡಿ ಅದರಲ್ಲೂ ಅರ್ಧರ್ಧ, ಉಳಿದದ್ದರಲ್ಲಿ ಒಂದು ಬಿಟ್ಟು ಒಂದು, ಇಲ್ಲಾ ಚೀಟಿ ಎತ್ತೋದು. ನಕ್ಷೆ ಮಂಜೂರಾದ ಮೇಲೆ ನಂಬರ್ ಸಮೇತ ಪೂರಕ ಒಪ್ಪಂದ ಮಾಡಿ ನೋಂದಣಿ ಮಾಡಿಸಬೇಕು. ಇದಾಗದೆ ಡೆವಲಪರ್ ಒಂದೇ ಒಂದು ಸೈಟನ್ನೂ ಮಾರಕೂಡದು ಅನ್ನೋ ಷರತ್ತು ಮೊದಲ ಪ್ರಸ್ತಾವನೆಯಲ್ಲೇ ಇರಬೇಕು. ಇಲ್ಲದಿದ್ದರೆ ರಸ್ತೆ ಬದಿಯದೆಲ್ಲ ಅಡ್ವಾನ್ಸ್ ಬುಕಿಂಗ್‌ನಲ್ಲಿ ಹೋಗಿ, ಜಮೀನಿನವರಿಗೆ ಹಿಂಬದಿ ಸಾಲು ಉಳಿಯುತ್ತೆ.

ಯಾವಾಗ ಕೈಗೆ ಬರುತ್ತೆ?

ಪ್ರಾಧಿಕಾರ ಎಲ್ಲ ಸೈಟನ್ನೂ ಒಂದೇ ಸಲ ಬಿಡುಗಡೆ ಮಾಡದೆ, ರಸ್ತೆ, ಚರಂಡಿ, ನೀರು, ಕರೆಂಟ್ ಕೆಲಸ ಮುಗಿದಂತೆ ಹಂತ ಹಂತವಾಗಿ ಬಿಡೋ ಪದ್ಧತಿ ಇದೆ. ಮೋಸ ಹೋಗೋ ಜಾಗ ಇದೇ. ಮೊದಲ ಹಂತದಲ್ಲಿ ಬಿಡುಗಡೆಯಾದ ಸೈಟೆಲ್ಲ ಡೆವಲಪರ್ ಪಾಲಿಗೆ ಸೇರಿದರೆ, ಅವುಗಳನ್ನು ಮಾರಿ ಬಂಡವಾಳ, ಲಾಭ ಎರಡನ್ನೂ ಎತ್ತಿಕೊಂಡ ಮೇಲೆ ಉಳಿದ ಚರಂಡಿ ಮುಗಿಸೋ ಆತುರ ಅವರಿಗೆ ಇರೋದಿಲ್ಲ. ಜಮೀನಿನವರ ಸೈಟು ಕೊನೇ ಹಂತದಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಉಳುಮೆಯೂ ಇಲ್ಲ, ಸೈಟೂ ಇಲ್ಲ. ಪ್ರತಿ ಹಂತದ ಬಿಡುಗಡೆಯಲ್ಲೂ ಇಬ್ಬರಿಗೂ ಅದೇ ಪ್ರಮಾಣ ಅಂತ ಒಂದು ಸಾಲು ಬರೆಸಿದರೆ ಈ ತೊಂದರೆಗೆ ಮುಕ್ಕಾಲು ಪಾಲು ಮದ್ದು.

ಜೊತೆಗೆ ಜಿಪಿಎ. ಭೂಪರಿವರ್ತನೆಗೆ, ನಕ್ಷೆ ಮಂಜೂರಾತಿಗೆ ಓಡಾಡಲು ಡೆವಲಪರ್‌ಗೆ ಅಧಿಕಾರ ಪತ್ರ ಬೇಕೇಬೇಕು. ಆದರೆ ಅದೇ ಕಾಗದದಲ್ಲಿ ಪೂರ್ತಿ ಜಮೀನು ಮಾರುವ, ಅಡಮಾನ ಇಡುವ ಅಧಿಕಾರ ಸೇರಿಕೊಂಡಿರುತ್ತೆ. ಡೆವಲಪರ್ ದುಡ್ಡು ಹಾಕಿ ಹಿತಾಸಕ್ತಿ ಹೊಂದಿದ ಮೇಲೆ ಅಂಥ ಜಿಪಿಎ ಇಷ್ಟ ಬಂದ ಹಾಗೆ ರದ್ದು ಮಾಡೋದು ಕಷ್ಟ. ಕರಾರು ಕಾಯ್ದೆಯ 202ನೇ ಸೆಕ್ಷನ್ ಅವರ ಪರ ನಿಲ್ಲುತ್ತೆ. ಮಾರುವ ಅಧಿಕಾರ ಡೆವಲಪರ್ ಪಾಲಿನ, ಬಿಡುಗಡೆಯಾದ ಸೈಟುಗಳಿಗೆ ಮಾತ್ರ ಇರಬೇಕು. ಸಾಲಕ್ಕೆ ಮೂಲ ಪತ್ರ ಇಟ್ಟಿದ್ದಾರಾ ಅನ್ನೋ ಅನುಮಾನ ಇದ್ದರೆ ಕೆಲ ತಿಂಗಳಿಗೊಮ್ಮೆ ಕಾವೇರಿ ಆನ್‌ಲೈನ್‌ನಲ್ಲಿ ಇಸಿ ತೆಗೆಸಿ ನೋಡಬಹುದು. ನೋಂದಣಿಯಾದ ಅಡಮಾನ ಅದರಲ್ಲಿ ಕಾಣುತ್ತೆ.

ಅಡ್ವಾನ್ಸ್ ಮತ್ತು ತೆರಿಗೆ

ಡೆವಲಪರ್ ಕೊಡೋ ಡಿಪಾಸಿಟ್ ವಾಪಸ್ ಕೊಡಬೇಕಾದ್ದೋ ಅಲ್ಲವೋ ಅನ್ನೋದೂ ಸ್ಪಷ್ಟ ಇರಬೇಕು. ಮಗಳ ಮದುವೆಗೋ ಹಳೇ ಸಾಲಕ್ಕೋ ಖರ್ಚಾದ ಹಣವನ್ನು ಸೈಟ್ ಹಂಚೋ ದಿನ ವಾಪಸ್ ಕೇಳಿದರೆ, ಅದರ ಬದಲಿಗೆ ನಾಲ್ಕೈದು ಸೈಟ್ ಬಿಟ್ಟುಕೊಡಬೇಕಾಗುತ್ತೆ. ಆಗ ಫಿಫ್ಟಿ ಫಿಫ್ಟಿಯಾಗಿ ಉಳಿಯಲ್ಲ.

ತೆರಿಗೆಯಲ್ಲೂ ಒಂದು ಸೂಕ್ಷ್ಮ ಇದೆ. ಮೊದಲೆಲ್ಲ ಒಪ್ಪಂದ ಮಾಡಿ ಜಮೀನು ಬಿಟ್ಟುಕೊಟ್ಟ ವರ್ಷವೇ, ಕೈಗೆ ಒಂದು ಸೈಟೂ ಬಾರದೆ, ಬಂಡವಾಳ ಲಾಭ ತೆರಿಗೆ ಕಟ್ಟಿ ಅಂತ ನೋಟಿಸ್ ಬರೋದು. 2017ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ 45(5ಎ) ಸೇರಿಸಿ, ವ್ಯಕ್ತಿಗಳಿಗೆ ಹಾಗೂ ಹಿಂದೂ ಅವಿಭಕ್ತ ಕುಟುಂಬಗಳಿಗೆ ಈ ತೆರಿಗೆಯನ್ನು ಪೂರ್ಣತಾ ಪ್ರಮಾಣಪತ್ರ ಸಿಕ್ಕ ವರ್ಷಕ್ಕೆ ಮುಂದೂಡಲಾಯಿತು. ಆದರೆ ಒಪ್ಪಂದ ನೋಂದಣಿಯಾಗಿರಬೇಕು. ಪ್ರಮಾಣಪತ್ರಕ್ಕೆ ಮೊದಲೇ ತನ್ನ ಪಾಲನ್ನು ಮಾರಿಬಿಟ್ಟರೆ ಆ ಅನುಕೂಲ ಇಲ್ಲ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿ ದುಡ್ಡು ಉಳಿಸೋಕೆ ಹೋದವರು ಇದನ್ನು ಕಳೆದುಕೊಳ್ತಾರೆ.

ರೇರಾ ಕಾಯ್ದೆ ಪ್ರಕಾರ 500 ಚದರ ಮೀಟರ್ ಮೀರಿದ ಲೇಔಟ್ ನೋಂದಣಿ ಆಗಬೇಕು. ಅಭಿವೃದ್ಧಿ ಮಾಡೋರು ಬೇರೆ, ಮಾರೋರು ಬೇರೆ ಆದರೂ ಇಬ್ಬರೂ ಪ್ರವರ್ತಕರೇ. ಹಾಗಾಗಿ ಸೈಟ್ ಕೊಂಡವರು ದೂರು ಕೊಟ್ಟರೆ 'ನಾನು ಬರೀ ಜಮೀನು ಕೊಟ್ಟವನು' ಅನ್ನೋ ಮಾತು ನಡೆಯೋದು ಕಷ್ಟ.

ಪ್ರಸ್ತಾವನೆ ಪತ್ರ ಎರಡು ಪುಟ ಇದ್ದರೂ ಸಾಕು. ಸರ್ವೆ ನಂಬರ್, ಅಳತೆ, ಹೆಣ್ಣುಮಕ್ಕಳೂ ಸೇರಿ ಸಹಿ ಹಾಕಬೇಕಾದ ಹಕ್ಕುದಾರರ ಪಟ್ಟಿ, ಪಾಲು ಯಾವ ಜಾಗದ ಲೆಕ್ಕದಲ್ಲಿ, ಹಂಚೋ ವಿಧಾನ, ಹಂತವಾರು ಬಿಡುಗಡೆ, ಡಿಪಾಸಿಟ್ಟಿನ ಗತಿ, ಕೆಲಸ ಮುಗಿಸೋ ಗಡುವು, ಗಡುವು ಮೀರಿದರೆ ತಿಂಗಳಿಗೆ ಎಷ್ಟು ಪರಿಹಾರ. ಇಷ್ಟು ಬರೆದುಕೊಟ್ಟಾಗ ಯಾವ ಸಾಲಿಗೆ ಡೆವಲಪರ್ 'ಅದೆಲ್ಲ ಆಮೇಲೆ ನೋಡೋಣ ಬಿಡಿ' ಅಂತಾರೋ, ವಕೀಲರಿಗೆ ಮೊದಲು ತೋರಿಸಬೇಕಾದ ಸಾಲು ಅದೇ.